‘ಅವ್ವ’ ಎಂಬ ಕಾರ್ಡು

ಲೋಕಲ್ ರೈಲುಗಾಡಿಯ ಬಾಗಿಲಲ್ಲಿ ನೇತಾಡುತ್ತ ಹೋಗುವಾಗ ಕಂಬ ಬಡಿದು ಧರ್ಮಣ್ಣ ಕೆಳಗೆ ಬಿದ್ದಿದ್ದ. ತಲೆಯ ಗಾಯ ಮಾಯ್ದಿತು. ಆದರೆ ಆಮೇಲೆ ಅವನ ತಲೆಯಲ್ಲಿ ಹೊಸದೇನೂ ನಿಲ್ಲದಾಯಿತು. ಹುಟ್ಟೂರು ಇಂಡಿಯಲ್ಲಿನ ಶಾಲೆ, ಜೋಗೇಶ್ವರಿಯ ಕಾರ್ಖಾನೆಯಲ್ಲಿ ತಾನು ನಡೆಸುತ್ತಿದ್ದ ಲೇಥ್ ಯಂತ್ರ, ಮುಂಬಯಿಯ ಬಸ್ಸುಗಳ ನಂಬರು, ಎಲ್ಲ ಇದ್ದವು. ನಿನ್ನೆ ಏನಾಯಿತು ಎನ್ನುವುದು ಮಾತ್ರ ಇರುತ್ತಿರಲಿಲ್ಲ. ದಿನದಿನದ್ದು ಬರೆದಿಡಲಿ, ಕೈಗೆ ರೂಢಿಯಾದದ್ದು ಉಳಿದೀತು ಎಂದು ಡಾಕ್ಟರು ಹೇಳಿದರು.

ಅವನು ಬರೆದ. ಆದರೆ ಎಲ್ಲೆಂದರಲ್ಲಿ ಬರೆದ. ಹಾಲಿನ ಲೆಕ್ಕದ ನಡುವೆ ಸೋದರಮಾವನ ಮದುವೆ, ಅದರ ಪಕ್ಕದಲ್ಲಿ ಗುಳಿಗೆಯ ಹೆಸರು. ಏನಾದರೂ ಬೇಕಾದಾಗ ಇಡೀ ನೋಟುಬುಕ್ಕು ತಿರುವಿ, ಯಾಕೆ ತಿರುವುತ್ತಿದ್ದೇನೆ ಎನ್ನುವುದನ್ನೇ ಮರೆತು ಕೂತುಬಿಡುತ್ತಿದ್ದ.

ಅವನ ಅಕ್ಕ ಕಸ್ತೂರಿಬಾಯಿ ಧಾರವಾಡದಲ್ಲಿ ಬಿ.ಎ. ಓದಿದವಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ವಿಕ್ರೋಳಿಯ ಒಂದು ಕಂಪನಿಯ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಎಂಜಿನಿಯರುಗಳು ಕೇಳಿದ ಲೇಖನವನ್ನು ಕಾರ್ಡು ನೋಡಿ ತೆಗೆದುಕೊಡುವುದು ಅವಳ ದಿನದ ಕೆಲಸ. ಆ ಪದ್ಧತಿಯನ್ನೇ ಅವಳು ಘಾಟಕೋಪರದ ಚಾಳಿನಲ್ಲಿ ತಾವಿದ್ದ ಒಂದೇ ಕೋಣೆಯ ಖೋಲಿಗೆ ತಂದಳು.

ಪ್ರತಿದಿನದ ಬರಹಕ್ಕೆ ಮೇಲೆ ತಾರೀಖು, ಅದರ ಕೆಳಗೆ ಗೆರೆ. ಆ ದಿನದ ಮಾತೆಲ್ಲ ಅಲ್ಲಿಯೇ. ಮಲಗುವ ಮೊದಲು ಕೆಳಗೊಂದು ಗೆರೆ ಎಳೆದು ದಿನವನ್ನು ಮುಚ್ಚಬೇಕು. ಮುಚ್ಚಿದ ದಿನದೊಳಗೆ ಮತ್ತೆ ಏನನ್ನೂ ತುರುಕಬಾರದು. ಪುಟದ ಎಡ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗುರುತುಗಳು: ಅವ್ವ, ದವಾಖಾನಿ, ಮನಿ, ಮಂದಿ, ಊರು. ಗುರುತುಗಳ ಪಟ್ಟಿ ನೋಟುಬುಕ್ಕಿನ ರಟ್ಟಿಗೆ ಅಂಟಿತ್ತು. ಪಟ್ಟಿಯಲ್ಲಿಲ್ಲದ ಗುರುತು ಹಾಕುವಂತಿಲ್ಲ.

“ಇವತ್ತು ‘ಅವ್ವ’ ಅಂತ ಹಾಕಿ ನಾಳೆ ‘ತಾಯಿ’ ಅಂತ ಹಾಕಿದರ ಎರಡೂ ಕಳಕೋತಾವ ನೋಡು,” ಎಂದಿದ್ದಳು.

“ನನ್ಹಂಗ,” ಎಂದು ಧರ್ಮಣ್ಣ ನಕ್ಕಿದ್ದ.

ಒಂದೊಂದು ಗುರುತಿಗೂ ಒಂದೊಂದು ಕಾರ್ಡು. ಕಾರ್ಡಿನ ತಲೆಯ ಮೇಲೆ ಗುರುತು, ಕೆಳಗೆ ಆ ಗುರುತು ಬಂದ ತಾರೀಖುಗಳು ಸಾಲಾಗಿ. ಕಾರ್ಡುಗಳೆಲ್ಲ ಅಕ್ಷರದ ಸಾಲಿನಲ್ಲಿ ಚಪ್ಪಲಿಯ ಖಾಲಿ ಡಬ್ಬಿಯೊಳಗೆ ನಿಂತಿದ್ದವು. ಸಂಜೆ ಕೆಲಸದಿಂದ ಬಂದ ಮೇಲೆ ಕಸ್ತೂರಿಬಾಯಿ ಆ ದಿನದ ತಾರೀಖನ್ನು ಆಯಾ ಕಾರ್ಡಿಗೆ ಏರಿಸುತ್ತಿದ್ದಳು. ಅವ್ವ ದವಾಖಾನೆಗೆ ಹೋದದ್ದು ಯಾವಾಗ ಎಂದು ಬೇಕಾದರೆ ಎರಡೂ ಕಾರ್ಡು ಪಕ್ಕಪಕ್ಕ ಇಟ್ಟು, ಎರಡರಲ್ಲೂ ಇರುವ ತಾರೀಖು ನೋಡಿದರಾಯಿತು. ಧರ್ಮಣ್ಣನ ಕೈಗೆ ಇದು ಬೇಗ ರೂಢಿಯಾಯಿತು. ನೋಟುಬುಕ್ಕು ತಿರುವುವುದನ್ನೇ ಬಿಟ್ಟ. ಕಾರ್ಡು ತೆಗೆಯುತ್ತಿದ್ದ, ಕೊನೆಯ ತಾರೀಖು ನೋಡುತ್ತಿದ್ದ, ಆ ಪುಟಕ್ಕೆ ನೇರ ಹೋಗುತ್ತಿದ್ದ.

ಅವರ ಅವ್ವ ಹಾಲವ್ವ ಮಗನ ಈ ಆಟವನ್ನು ನೋಡಿ, “ನನ್ನ ಹೆಸರ ಭಾಳ ಸಲ ಬರೀಬ್ಯಾಡಪಾ, ಕಾರ್ಡ ತುಂಬಿದರ ನಿಮ್ಮಕ್ಕ ಬೈತಾಳ,” ಎನ್ನುತ್ತಿದ್ದಳು.

ಎಪ್ಪತ್ಮೂರರ ಆಗಸ್ಟಿನಲ್ಲಿ ಹಾಲವ್ವ ಹೊಟ್ಟೆಬೇನೆಯಿಂದ ಮುನಸಿಪಾಲಿಟಿಯ ದವಾಖಾನೆ ಸೇರಿದಳು, ಅಲ್ಲಿಯೇ ತೀರಿಕೊಂಡಳು. ಆ ದಿನದ್ದನ್ನು ಧರ್ಮಣ್ಣ ತನ್ನ ಕೈಯಿಂದಲೇ ಬರೆದ: ‘ಅವ್ವ ಮುಂಜಾನೆ ಹೋದಳು. ನಾನೂ ಅಕ್ಕನೂ ಇದ್ದೆವು.’ ಕೆಳಗೆ ಗೆರೆ ಎಳೆದ.

ಮರುದಿನ ಬೆಳಿಗ್ಗೆ ಎದ್ದು, ಖಾಲಿ ಹಾಸಿಗೆ ನೋಡಿ, “ಅಕ್ಕಾ, ಅವ್ವ ಎಲ್ಲಿ ಹೋಗ್ಯಾಳ?” ಎಂದ. ಉತ್ತರಕ್ಕೆ ಕಾಯದೆ ಕಾರ್ಡು ತೆಗೆದ. ಕೊನೆಯ ತಾರೀಖು. ಪುಟ. ತನ್ನದೇ ಅಕ್ಷರ. ಅವನು ಕೂಗಿದ ಕೂಗಿಗೆ ಚಾಳಿನ ಮಂದಿ ಬಾಗಿಲಿಗೆ ಬಂದರು.

ಅದರ ಮರುದಿನವೂ ಹಾಗೇ. ಅದರ ಮರುದಿನವೂ. ಅವನಿಗೆ ಪ್ರತಿ ಬೆಳಿಗ್ಗೆ ಅವ್ವ ಆಗಷ್ಟೇ ಸತ್ತಿರುತ್ತಿದ್ದಳು. ಪ್ರತಿ ಬೆಳಿಗ್ಗೆ ಅಕ್ಕನ ಸೆರಗು ಹಿಡಿದು ಕೇಳುತ್ತಿದ್ದ: “ನನ್ನ ನೆನಸಿದ್ಲೇನು? ನಾ ಅಲ್ಲಿದ್ನೇನು?” ಅವಳು ಹಿಟ್ಟಿನ ಕೈಯಲ್ಲೇ ಹೇಳುತ್ತಿದ್ದಳು, ಹೇಳಿ ಗಾಡಿ ಹಿಡಿಯಲು ಓಡುತ್ತಿದ್ದಳು. ತಾನು ಅಳುವುದಕ್ಕೆ ಅವಳಿಗೆ ವೇಳೆಯೇ ಸಿಕ್ಕಿರಲಿಲ್ಲ.

ಪಕ್ಕದ ಖೋಲಿಯ ಬೀಬೀಜಾನ ವಿಜಾಪುರದ ಕಡೆಯವಳು. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದ ಅವಳು ಹಗಲಲ್ಲಿ ಧರ್ಮಣ್ಣನ ಮೇಲೊಂದು ಕಣ್ಣಿಟ್ಟಿರುತ್ತಿದ್ದಳು. ಯಾರೂ ಕೇಳದಿದ್ದರೂ ದಿನಾ ಒಂದು ಬಟ್ಟಲು ಸಾರು ತಂದಿಡುವಳು. ಒಂದು ಸಂಜೆ ಅವಳು ತಗ್ಗಿದ ದನಿಯಲ್ಲಿ ಹೇಳಿದಳು: “ಬೇಟಿ, ಆ ಮಾತ ಆ ಡಬ್ಬಿನ್ಯಾಗ ಇಲ್ದಿದ್ರ ಇವ ಅಳಂಗಿಲ್ಲಲಾ? ಅಲ್ಲಾ ಇವಗ ಮರೆಯೋ ಶಕ್ತಿ ಕೊಟ್ಟಾನ. ನೀ ಯಾಕ ನೆನಪ ಮಾಡಿ ಕೊಡ್ತಿ?”

ಆ ರಾತ್ರಿ ತಮ್ಮ ಮಲಗಿದ ಮೇಲೆ ಕಸ್ತೂರಿಬಾಯಿ ಡಬ್ಬಿಯನ್ನು ಎಳೆದುಕೊಂಡಳು. ಆಮೇಲೆ ಹೊಸ ಕಾರ್ಡು ತೆಗೆದು ‘ಅವ್ವ’ ಎಂದು ಬರೆದಳು. ಹಳೆಯ ತಾರೀಖುಗಳನ್ನೆಲ್ಲ ನಕಲು ಮಾಡುತ್ತ ಬಂದು ಆಗಸ್ಟ್ ಹನ್ನೆರಡಕ್ಕೆ ನಿಲ್ಲಿಸಿದಳು. ಸಾವಿನ ದಿನದ್ದೂ ಅದರ ನಂತರದ್ದೂ ಬರೆಯಲಿಲ್ಲ. ‘ದವಾಖಾನಿ’ ಕಾರ್ಡಿಗೂ ಹಾಗೇ ಮಾಡಿದಳು. ನೋಟುಬುಕ್ಕನ್ನು ಮುಟ್ಟಲಿಲ್ಲ. ಕಾರ್ಡಿನಲ್ಲಿಲ್ಲದ ಪುಟ ಇದ್ದೂ ಇಲ್ಲದಂತೆ ಎಂಬುದು ಅವಳ ಕೆಲಸ ಕಲಿಸಿದ ಮಾತು. ಲೈಬ್ರರಿಯಲ್ಲಿ ಅವಳು ಇಂಥ ತಪ್ಪು ಆಗದಂತೆ ಕಾಯುತ್ತಿದ್ದಳು. ಮನೆಯಲ್ಲಿ ತಿಳಿದೇ ಮಾಡಿದಳು.

ಮರುದಿನ ಧರ್ಮಣ್ಣ ಕಾರ್ಡು ನೋಡಿದ, ಪುಟ ನೋಡಿದ. “ಓ, ದವಾಖಾನ್ಯಾಗ ಅದಾಳ,” ಎಂದು ಚಹಾ ಕುಡಿದ. ಕಸ್ತೂರಿಬಾಯಿ ಗೋಡೆಗೆ ಒರಗಿ ಉಸಿರು ಬಿಟ್ಟಳು. ಕೆಲವು ದಿನ ಮನೆಯಲ್ಲಿ ಕೂಗಿಲ್ಲದ ಬೆಳಗುಗಳು ಬಂದವು. ಅವನು ದವಾಖಾನೆಗೆ ಹೊರಟರೆ ಬೀಬೀಜಾನ ‘ಸಂಜೀಕ ಅಕ್ಕನ ಜೋಡಿ ಹೋಗು’ ಎಂದು ಕೂರಿಸುತ್ತಿದ್ದಳು. ಅವನು ಹಾಡು ಗುನುಗಿದ್ದೂ ಉಂಟು.

ಸೆಪ್ಟೆಂಬರಿನ ಒಂದು ಸಂಜೆ ಅವಳು ಕೆಲಸದಿಂದ ಬಂದಾಗ ಖೋಲಿ ಖಾಲಿಯಿತ್ತು. ಬೀಬೀಜಾನ ಬಟ್ಟೆ ಕೊಡಲು ಹೋಗಿದ್ದಳಂತೆ, ನೋಡಿರಲಿಲ್ಲ. ಒಲೆಯ ಮೇಲೆ ಗಂಜಿಯ ಪಾತ್ರೆ; ತಳದಲ್ಲಿ ಸ್ವಲ್ಪ ಹತ್ತಿತ್ತು. ಟಿಫಿನ್ ಡಬ್ಬಿ ಇರಲಿಲ್ಲ. ನೆಲದ ಮೇಲೆ ‘ಅವ್ವ’ ಕಾರ್ಡು, ಪಕ್ಕದಲ್ಲಿ ನೋಟುಬುಕ್ಕು, ಆಗಸ್ಟ್ ಹನ್ನೆರಡು ತೆರೆದಿತ್ತು. ಅವಳು ನಿಂತಲ್ಲೇ ಓದಿದಳು:

‘ಅವ್ವನಿಗೆ ಇಲ್ಲಿಯ ಊಟ ಸೇರುವುದಿಲ್ಲ. ಜೋಳದ ಗಂಜಿ ಬೇಕೆಂದಳು. ನಾಳೆ ನಾನೇ ಮಾಡಿ ತರುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಬಾಗಿಲ ಹತ್ತಿರದ ಖಾಟು.’

ಆ ನಾಳೆ ಬಂದಿರಲೇ ಇಲ್ಲ. ಹದಿಮೂರರ ಬೆಳಗಿನ ಜಾವವೇ ಅವ್ವನಿಗೆ ಎಚ್ಚರ ತಪ್ಪಿತ್ತು, ಮುಂಜಾನೆ ಜೀವ ಹೋಗಿತ್ತು.

ಕಸ್ತೂರಿಬಾಯಿ ಚೀಲವನ್ನೂ ಇಳಿಸದೆ ಓಡಿದಳು.

ವಾರ್ಡಿನ ಬಾಗಿಲ ಹತ್ತಿರದ ಖಾಟಿನ ಮೇಲೆ ಯಾರೋ ಅಪರಿಚಿತ ಮುದುಕಿ ಕೂತಿದ್ದಳು. ಧರ್ಮಣ್ಣ ಸ್ಟೂಲಿನ ಮೇಲೆ ಕೂತು ಅವಳಿಗೆ ಚಮಚೆಯಿಂದ ಗಂಜಿ ಕುಡಿಸುತ್ತಿದ್ದ. ಮುದುಕಿಯ ಗದ್ದದ ಮೇಲೆ ಇಳಿದದ್ದನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ.

ಅಕ್ಕನನ್ನು ಕಂಡು ಅವನ ಮುಖ ಅರಳಿತು. “ಬಾ ಅಕ್ಕಾ! ಅವ್ವನ್ನ ಫೋಟೋ ತಗಿಯಾಕ ಒಯ್ದಾರಂತ, ಎಕ್ಸರೇ. ಈ ಆಯಾಬಾಯಿ ಹೇಳಿದ್ಲು. ಗಂಜಿ ಆರಿ ಹೊಂಟಿತ್ತು, ಈಕಿ ಒಂದ ಸವನ ನೋಡ್ಲಿಕ್ಕೆ ಹತ್ತಿದ್ಲು. ಅವ್ವಗ ಅರ್ಧಾ ಇಟ್ಟೀನಿ.”

ಬಾಗಿಲ ಬಳಿ ನಿಂತಿದ್ದ ವಾರ್ಡಿನ ಆಯಾ ಕಸ್ತೂರಿಬಾಯಿಯನ್ನು ಪಕ್ಕಕ್ಕೆ ಕರೆದಳು. “ದೋಪಹರ್ ಸೇ ಬೈಠಾ ಹೈ, ಬಾಯಿ. ಆಜಿ ಮುಝೆ ಯಾದ್ ಹೈ. ಮೇರೇ ಮುಂಹ್ ಸೇ ನಹೀ ನಿಕಲಾ.” ಮಧ್ಯಾಹ್ನದಿಂದ ಕೂತಿದ್ದಾನೆ, ಆ ಅಜ್ಜಿಯ ನೆನಪು ನನಗಿದೆ, ಸತ್ತಳೆಂದು ಹೇಳಲು ಬಾಯಿ ಬರಲಿಲ್ಲ ಎಂದಳು. ಭೇಟಿಯ ವೇಳೆ ಮುಗಿದರೂ ಅವಳು ಅವನನ್ನು ಎಬ್ಬಿಸಿರಲಿಲ್ಲ; ಎರಡು ಸಲ ಚಹಾ ಕೊಟ್ಟಿದ್ದಳು.

ದವಾಖಾನೆಯ ಹೊರಗೆ, ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂರಿಸಿ, ಕಸ್ತೂರಿಬಾಯಿ ತಮ್ಮನಿಗೆ ಹೇಳಿದಳು. ಅರ್ಧ ಗಂಜಿಯ ಡಬ್ಬಿ ಅವನ ತೊಡೆಯ ಮೇಲಿತ್ತು. ಅವನು ಕೂಗಲಿಲ್ಲ. ಡಬ್ಬಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಬಾಗಿದ. ಬಸ್ಸುಗಳು ಬಂದು ಹೋದವು.

ಆಮೇಲೆ ಕೇಳಿದ: “ನನಗ ಇದು ಗೊತ್ತಿತ್ತೇನಕ್ಕಾ?”

“ದಿನಾ ಗೊತ್ತಾಗತಿತ್ತು. ದಿನಾ ಅಳತಿದ್ದಿ. ನೋಡೂದು ಆಗದ ಕಾರ್ಡ ಬದಲ ಮಾಡಿದೆ.”

“ದಿನಾ ನಿನ್ನ ಕೇಳತಿದ್ನೇನು?”

“ಕೇಳತಿದ್ದಿ.”

ಅವನು ಅಕ್ಕನ ಮುಖವನ್ನು ಹೊಸದಾಗಿ ಕಂಡವನಂತೆ ನೋಡಿದ. “ಕಾರ್ಡ ಮೊದಲಿನಂಗ ಮಾಡಿಡು. ಆ ಮುದುಕಿ ಬಾಯಿ ತಗದ ಕೂತಾಗ ನಾ ಅರ್ಧಾ ಗಂಜಿ ಅವ್ವಂದ ಅಂತ ಹಿಡಕೊಂಡ ಕೂತಿದ್ದೆ. ಇಲ್ದವಳಿಗೆ ಎತ್ತಿಡೂದ ಬ್ಯಾಡ.”

ಮನೆಗೆ ಬಂದು ಅವಳು ಬಿಟ್ಟ ತಾರೀಖುಗಳನ್ನೆಲ್ಲ ಎರಡೂ ಕಾರ್ಡಿಗೆ ಏರಿಸಿದಳು. ಅವನು ಆ ದಿನದ ಬರಹ ಮುಗಿಸಿ ಗೆರೆ ಎಳೆದ. ಆಮೇಲೆ ‘ಅವ್ವ’ ಕಾರ್ಡನ್ನು ಇಸಕೊಂಡು, ಗೋಡೆಯ ಕಡೆ ತಿರುಗಿ ಅದರ ಮೇಲೆ ಏನೋ ಬರೆದು ಡಬ್ಬಿಯಲ್ಲಿ ನಿಲ್ಲಿಸಿದ. ದಣಿದಿದ್ದ ಅವಳು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಕಸ್ತೂರಿಬಾಯಿ ರೊಟ್ಟಿ ಬಡಿಯುತ್ತಿದ್ದಾಗ ಹಿಂದೆ ಡಬ್ಬಿ ತೆರೆದ ಸದ್ದಾಯಿತು. ಪುಟ ಮಗುಚಿದ ಸದ್ದು. ಅವಳ ಕೈ ನಿಂತಿತು. ಕೂಗಿಗೆ ಕಾದಳು. ಬರಲಿಲ್ಲ. ಸೆರಗು ಹಿಡಿಯುವ ಕೈಯೂ ಬರಲಿಲ್ಲ.

ತಿರುಗಿ ನೋಡಿದರೆ ಧರ್ಮಣ್ಣ ಮೂಲೆಯಲ್ಲಿ ಹಾಸಿಗೆಗಳ ಸುರುಳಿಗೆ ಮುಖ ಒತ್ತಿ ಕೂತಿದ್ದ. ಬಾಯಲ್ಲಿ ಟವೆಲ್ಲು ತುರುಕಿಕೊಂಡಿದ್ದ. ಹೆಗಲು ಮಾತ್ರ ಅಲುಗುತ್ತಿತ್ತು. ನೆಲದ ಮೇಲಿದ್ದ ಕಾರ್ಡನ್ನು ಅವಳು ಎತ್ತಿಕೊಂಡಳು. ತಾರೀಖುಗಳ ಕೆಳಗೆ ಅವನ ಅಕ್ಷರದಲ್ಲಿತ್ತು:

‘ಅಕ್ಕನನ್ನು ಕೇಳಬೇಡ. ಆಕೆ ದಿನಾ ಹೇಳಿದ್ದಾಳೆ. ಆಕೆಗೂ ಅವ್ವ.’

ಅವಳು ಹಿಟ್ಟಿನ ಕೈಯಲ್ಲೇ ಅವನ ಪಕ್ಕ ಕುಸಿದು ಕೂತಳು. ಟವೆಲ್ಲನ್ನು ಮೆಲ್ಲಗೆ ಎಳೆದಳು.

“ಕೇಳೋ ತಮ್ಮಾ.”

ಅವನು ತಲೆ ಅಲ್ಲಾಡಿಸಿದ. “ಬ್ಯಾಡ ಅಂತ ನಾನ ಬರದೀನಿ.”

“ಇರ್ಲಿ. ಇವತ್ತ ನನಗ ಹೇಳಬೇಕಾಗೇತಿ.”

ಹೊರಗೆ ನಲ್ಲಿಯ ಸಾಲಿನಲ್ಲಿ ಕೊಡಗಳು ಬಡಿದಾಡುತ್ತಿದ್ದವು. ಅವಳ ಗಾಡಿಯ ವೇಳೆ ಆಗುತ್ತ ಬಂದಿತ್ತು. ಅವಳು ಏಳಲಿಲ್ಲ. “ಹೋಗೂ ಹಿಂದಿನ ದಿನ ಸಂಜೀ ಮುಂದ ಅವ್ವ ನಿನ್ನ ಕೈ ಹಿಡಕೊಂಡ ನಕ್ಕಳೋ,” ಎಂದು ಶುರು ಮಾಡಿದಳು. ಅವ್ವ ಹೋದ ಮೇಲೆ ಮೊದಲ ಸಲ ಅವಳು ದನಿ ತೆಗೆದು ಅತ್ತಳು. ಧರ್ಮಣ್ಣ ಅವಳ ಹಿಟ್ಟಿನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಮರುದಿನ ಬೆಳಗಾದರೆ ತನಗೆ ಇದು ನೆನಪಿರುವುದಿಲ್ಲವೆಂದು ಗೊತ್ತಿದ್ದವನಂತೆ ಬಿಗಿಯಾಗಿ ಹಿಡಿದುಕೊಂಡ.