ಹನ್ನೊಂದು ವೈನ್ ಬಣ್ಣದ ಗೌನುಗಳು

ವಾಡಿಯ ಗುರುದೇವಿ ಬಿ.ಎ. ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಇನ್‌ಸ್ಟಾಗ್ರಾಂನಲ್ಲಿ ಅವಳಿಗೆ ಹದಿಮೂರು ಸಾವಿರ ಫಾಲೋವರ್ಸ್ ಆಗಿದ್ದರು. ಎರಡು ವರ್ಷದ ಕೆಳಗೆ ಗೆಳತಿ ಫಿರ್ದೋಸಳ ಮನೆಯ ಮಾಳಿಗೆಯ ಮೇಲೆ ನಿಂತು ದುಪಟ್ಟಾ ಹೊದೆಯುವ ನಾಲ್ಕು ಬಗೆ ತೋರಿಸಿದ್ದೇ ಅವಳ ಮೊದಲ ರೀಲ್. ಫೋನ್ ಹಿಡಿದವಳು ಫಿರ್ದೋಸ್. ಆಮೇಲೆ ಇಬ್ಬರೂ ಈ ಕೆಲಸದ ಮರ್ಮ ಒಂದೊಂದಾಗಿ ಕಲಿತರು. ಮೊದಲ ಮೂರು ಸೆಕೆಂಡಿನಲ್ಲಿ ನೋಡುವವರ ಬೆರಳು ನಿಲ್ಲಬೇಕು. ಸಂಜೆ ಏಳಕ್ಕೆ ಹಾಕಿದರೆ ಹಾಸ್ಟೆಲಿನ ಹುಡುಗಿಯರೆಲ್ಲ ನೋಡುತ್ತಾರೆ. ಮಾತು ಬೆಂಗಳೂರಿನ ಹಾಗಿದ್ದರೆ ಬಟ್ಟೆಗೂ ಒಂದು ತೂಕ ಬರುತ್ತದೆ. ಮನೆಯಲ್ಲಿ 'ಯಾಕಬೇ' ಎನ್ನುವ ಗುರುದೇವಿ ಕ್ಯಾಮೆರಾ ಮುಂದೆ 'ಹಾಯ್ ಗೈಸ್, ಹೇಗಿದ್ದೀರ' ಎನ್ನತೊಡಗಿದಳು. ಅಂಗನವಾಡಿ ಕಾರ್ಯಕರ್ತೆಯಾದ ತಾಯಿ ಉಮಾದೇವಿ ಆ ದನಿ ಕೇಳಿ, ಪರವೂರಿನವರು ಯಾರೋ ಬಂದಿದ್ದಾರೆಂದು ಒಮ್ಮೆ ಅಡುಗೆಮನೆಯಿಂದ ಎದ್ದು ಬಂದಿದ್ದಳು.

ಫೆಬ್ರುವರಿಯಲ್ಲಿ ಒಂದು ಏಜೆನ್ಸಿಯಿಂದ ಮೆಸೇಜ್ ಬಂತು. ಬಟ್ಟೆ ಮಾರುವ ಹೊಸ ಕಂಪನಿಯೊಂದು ಸಣ್ಣ ಊರುಗಳ ಹುಡುಗಿಯರನ್ನು ಹುಡುಕುತ್ತಿತ್ತು. ದೊಡ್ಡ ತಾರೆ ಹೇಳಿದರೆ ಜಾಹೀರಾತು ಅನಿಸುತ್ತದೆ, ನಿಮ್ಮಂಥವರು ಹೇಳಿದರೆ ಅಕ್ಕ ಹೇಳಿದ ಹಾಗಿರುತ್ತದೆ ಎಂದು ಏಜೆನ್ಸಿಯ ಮ್ಯಾನೇಜರ್ ಫೋನಿನಲ್ಲಿ ವಿವರಿಸಿದಳು. ಒಂದು ಗೌನು ಉಚಿತ, ರೀಲಿಗೆ ಒಂದಿಷ್ಟು ಹಣ. ಅದರ ಮೇಲೆ, ಗುರುದೇವಿಯ ಲಿಂಕಿನಿಂದ ಕೊಂಡವರು ವಾಪಸು ಮಾಡದಿದ್ದರೆ ಅದಕ್ಕೆ ಕಮಿಷನ್. 'ಹಣ ಪಡೆದ ಜಾಹೀರಾತು' ಎಂಬ ಲೇಬಲ್ ಹಾಕುವುದು ಬೇಡ, ಹಾಕಿದರೆ ರೀಲ್ ಓಡುವುದಿಲ್ಲ ಎಂದೂ ಹೇಳಿದಳು. ಹೇಳಬೇಕಾದ ಮಾತುಗಳನ್ನು ಬರೆದೇ ಕಳಿಸಿದ್ದರು: ಮದುವೆಯೊಂದರಲ್ಲಿ ಇಡೀ ದಿನ ಹಾಕಿದ್ದೆ, ಒಂದು ಸುಕ್ಕೂ ಬೀಳಲಿಲ್ಲ, ಫೇರ್‌ವೆಲ್ಲಿಗೆ ಎಲ್ಲರಿಗಿಂತ ಬೇರೆ ಕಾಣಬೇಕಾದರೆ ಇದೇ.

ಬಂದ ಗೌನು ಚೆನ್ನಾಗಿತ್ತು. ಗಾಢ ವೈನ್ ಬಣ್ಣ, ದಪ್ಪ ಬಟ್ಟೆ, ಒಳಗೆ ಮೆತ್ತನೆಯ ಅಸ್ತರು. ಗುರುದೇವಿ ಅದನ್ನು ತೊಟ್ಟದ್ದು ಹನ್ನೊಂದು ನಿಮಿಷ, ರೀಲ್ ಮುಗಿಯುವ ತನಕ. ಮದುವೆ ಯಾವುದು ಎಂದು ಫಿರ್ದೋಸ್ ಕೇಳಿದಳು. ಎಲ್ಲರೂ ಹೀಗೇ ಹೇಳುತ್ತಾರೆ ಎಂದು ಗುರುದೇವಿ ಮಾತು ತೇಲಿಸಿದಳು.

ಕಮೆಂಟಿನಲ್ಲಿ 'ಲಿಂಕ್' ಎಂದು ಬರೆದವರಿಗೆ ಕೊಳ್ಳುವ ವಿಳಾಸ ತಾನಾಗಿ ಹೋಗುವಂತೆ ಏಜೆನ್ಸಿಯವರು ಜೋಡಿಸಿಕೊಟ್ಟಿದ್ದರು. ರಾತ್ರಿಯೊಳಗೆ ನಾನೂರು ಜನ ಬರೆದರು. ನೋಡಿದವರು ಎಲ್ಲಿಯವರು ಎಂದು ಗುರುದೇವಿ ಆ್ಯಪಿನ ಲೆಕ್ಕ ತೆಗೆದು ನೋಡಿದರೆ ಮೇಲೆಯೇ ಶಹಾಬಾದ, ಸೇಡಂ, ಕಲಬುರಗಿ ಎಂದಿತ್ತು. ತನ್ನ ಮಾತು ದೂರ ಮುಟ್ಟಿತೆಂದು ಅವಳು ಹಿಗ್ಗಿದಳು. ಕೊಳ್ಳುವವರು ತನ್ನ ಜೊತೆಗೇ ರೈಲು ಹತ್ತುವ ಹುಡುಗಿಯರೆಂಬುದು ಹೊಳೆಯಲಿಲ್ಲ.

ಅದು ಗೊತ್ತಾದದ್ದು ಫೇರ್‌ವೆಲ್ ದಿನದ ಬೆಳಿಗ್ಗೆ. ಚಿತ್ತಾಪುರದ ಕಾಲೇಜಿಗೆ ಹೋಗುವ ಪ್ಯಾಸೆಂಜರಿಗಾಗಿ ಅವಳು ಆ ಗೌನು ತೊಟ್ಟು ವಾಡಿ ಸ್ಟೇಷನ್ನಿಗೆ ಬಂದಾಗ, ನಾಲವಾರದ ಬಸವೇಶ್ವರಿ ವೈನ್ ಬಣ್ಣದ ಗೌನಿನಲ್ಲಿ ಬೆಂಚಿನ ಮೇಲೆ ಕುಳಿತಿದ್ದಳು. ಮೆಟ್ಟಿಲ ಮೇಲಿಂದ ಇನ್ನಿಬ್ಬರು ಇಳಿದರು, ಅದೇ ಗೌನು. ಶಹಾಬಾದದ ಕಡೆಯಿಂದ ಬಂದ ಗಾಡಿಯಿಂದ ಏಳು ಮಂದಿ ಇಳಿದರು, ಅದೇ ಗೌನು. ಪ್ರತಿಯೊಬ್ಬಳೂ ಉಳಿದವರನ್ನು ನೋಡಿ ನಿಂತಲ್ಲೇ ನಿಂತಳು. ಎಣಿಸಿದರೆ ಗುರುದೇವಿಯೂ ಸೇರಿ ಹನ್ನೊಂದು ಮಂದಿ. ಚಹಾ ಮಾರುವ ಬಾಬುಮಿಯಾ ಯಾವ ಶಾಲೆಯ ಯೂನಿಫಾರ್ಮಮ್ಮಾ ಎಂದು ನಿಜವಾಗಿಯೂ ತಿಳಿಯದೆ ಕೇಳಿದ.

ಮೊದಲು ನಕ್ಕವಳು ಫಿರ್ದೋಸ್. ಅವಳದು ಹಸಿರು ಸಲ್ವಾರ್. ಆದರೆ ಬಸವೇಶ್ವರಿಯ ಕಣ್ಣು ತುಂಬಿತ್ತು. ಅವಳು ಬೆನ್ನು ತಿರುಗಿಸಿ ತೋರಿಸಿದಳು. ಜಿಪ್ ಬಾಯಿ ಬಿಟ್ಟಿತ್ತು, ಬೆವರಿಗೆ ಬಣ್ಣ ಇಳಿದು ತೋಳು ಕೆಂಪಾಗಿತ್ತು.

"ಅಕ್ಕಾ, ನೀವು ಇಡೀ ದಿನ ಹಾಕೊಂಡಿದ್ದೆ ಅಂದಿದ್ರಿ. ನಂದು ಸ್ಟೇಷನ್ ತನಾನೂ ಬರ್ಲಿಲ್ಲ."

ಗುರುದೇವಿ ಅವಳ ಗೌನಿನ ಅಂಚನ್ನು ಬೆರಳಿನಲ್ಲಿ ಹಿಡಿದು ನೋಡಿದಳು. ಬಣ್ಣ ಒಂದೇ, ಬಟ್ಟೆ ಬೇರೆ. ಅಸ್ತರೇ ಇರಲಿಲ್ಲ. ತನಗೆ ಕಳಿಸಿದ್ದು ತೋರಿಸುವ ಮಾಲು, ಇವರಿಗೆ ಕಳಿಸಿದ್ದು ಮಾರುವ ಮಾಲು. ಬೆಂಗಳೂರಿನ ಮಾತು ಆ ಕ್ಷಣದಲ್ಲಿ ಅವಳ ಬಾಯಿಗೆ ಬರಲಿಲ್ಲ.

"ನಾ ಸುಳ್ಳ ಹೇಳೀನಿ ತಂಗಿ. ಹನ್ನೊಂದು ನಿಮಿಷ ಹಾಕೊಂಡಿದ್ದೆ, ಅಷ್ಟಽ. ಅವರು ಬರದು ಕೊಟ್ಟಿದ್ರು, ರೊಕ್ಕಾನೂ ಕೊಟ್ಟಾರ."

ಅಷ್ಟರಲ್ಲಿ ಗಾಡಿ ಒಂದೂವರೆ ತಾಸು ತಡ ಎಂದು ಮೈಕಿನಲ್ಲಿ ಹೇಳಿದರು. ಫಿರ್ದೋಸ್ ಬಸವೇಶ್ವರಿಯ ಕೈ ಹಿಡಿದು ಎಬ್ಬಿಸಿದಳು. ಫಿರ್ದೋಸಳ ತಾಯಿ ಮಾಸುಮಬಿಯ ಹೊಲಿಗೆ ಅಂಗಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲೇ ಇತ್ತು.

ಒಂದೇ ಬಣ್ಣದ ಹನ್ನೊಂದು ಹುಡುಗಿಯರು ಬಾಗಿಲಲ್ಲಿ ನಿಂತದ್ದನ್ನು ನೋಡಿ ಮಾಸುಮಬಿ ಕನ್ನಡಕ ಏರಿಸಿದಳು. ಒಬ್ಬಳ ತೋಳು ಹಿಡಿದು ಹೊಲಿಗೆ ಎಳೆದು ನೋಡಿದಳು, ದಾರ ಕೈಗೇ ಬಂತು.

"ಕುಂದ್ರಿ ಬೇಟಾ," ಎಂದಳು. "ಜಿಪ್ ನಾ ನೋಡ್ತೀನಿ. ಆ ಚೀಲದಾಗ ತುಂಡು ಭಾಳ ಅವ. ಯಾರಿಗಿ ಯಾವುದು ಬೇಕು ತಗೋರಿ, ಸೂಜಿ ಹಿಡೀಲಿಕ್ಕ ಬರ್ತದಿಲ್ಲೋ?"

ಚೀಲದಿಂದ ಖಣದ ತುಂಡು, ಇಳಕಲ್ ಸೀರೆಯ ಅಂಚು, ಮದುವೆಯ ಶರಾರದಿಂದ ಉಳಿದ ಜರಿ ಲೇಸು, ಕನ್ನಡಿ ಬಿಲ್ಲೆ ಹೊರಬಂದವು. ಶಹಾಬಾದ ಕಲ್ಲಿನ ನೆಲದ ಮೇಲೆ ಗುಂಡಗೆ ಕುಳಿತು ಒಬ್ಬಳ ಗೌನಿಗೆ ಇನ್ನೊಬ್ಬಳು ಹೊಲಿದಳು. ಬಸವೇಶ್ವರಿ ಹಳದಿ ಖಣದಿಂದ ತೋಳು ಬೇಕೆಂದಳು. ಬಣ್ಣ ಚರ್ಮಕ್ಕೆ ತಾಗದಂತೆ ಮಾಸುಮಬಿ ಅದಕ್ಕೆ ಬಿಳಿ ಹತ್ತಿಯ ಅಸ್ತರು ಇಟ್ಟಳು. ಒಬ್ಬಳು ಗೌನನ್ನು ನಡುವಿಗೇ ಕತ್ತರಿಸಿ ಲಂಗ ಮಾಡಿಕೊಂಡಳು. ಗುರುದೇವಿ ಉಳಿದವರ ಗುಂಡಿ ಹಚ್ಚುತ್ತ ಮೂರು ಸಲ ಬೆರಳು ಚುಚ್ಚಿಕೊಂಡಳು. ಮೊದಲ ಅರ್ಧ ತಾಸು ಬಿಮ್ಮನೆ ಇದ್ದ ಹುಡುಗಿಯರು, ಮದುವೆ ಯಾರದಿತ್ತಕ್ಕಾ, ಊಟ ಏನಿತ್ತಕ್ಕಾ ಎಂದು ಅವಳ ಕಾಲೆಳೆಯತೊಡಗಿದರು. ಅವಳೂ ನಕ್ಕಳು.

ಗಾಡಿ ಬಂದಾಗ ಹನ್ನೊಂದೂ ಗೌನು ಹನ್ನೊಂದು ಬಗೆಯಾಗಿದ್ದವು. ಚಿತ್ತಾಪುರದ ಕಾಲೇಜಿನಲ್ಲಿ ಅವರು ಸಾಲಾಗಿ ಒಳಗೆ ಬಂದಾಗ ಸೀಟಿಯೋ ಸೀಟಿ. ಬಸವೇಶ್ವರಿ ಸಂಜೆಯ ತನಕ ಕುಣಿದಳು, ಜಿಪ್ ಅಲುಗಲಿಲ್ಲ.

ವಾಪಸು ಬರುವ ಗಾಡಿಯಲ್ಲಿ ಗುರುದೇವಿ ಹೊಸ ರೀಲ್ ಮಾಡಿದಳು. ಹಳೆಯದು ಹಣ ಪಡೆದ ಜಾಹೀರಾತೆಂದೂ, ಮದುವೆ ಸುಳ್ಳೆಂದೂ ಮನೆಯ ಮಾತಿನಲ್ಲೇ ಹೇಳಿ, ತನ್ನ ಗೌನಿನ ಅಂಚನ್ನೂ ಬಸವೇಶ್ವರಿಯ ಗೌನಿನ ಅಂಚನ್ನೂ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಮರುದಿನವೇ ಮ್ಯಾನೇಜರ್ ಫೋನು ಮಾಡಿ, ಹೊಸ ರೀಲ್ ಅಳಿಸದಿದ್ದರೆ ಕಮಿಷನ್ ಬರುವುದಿಲ್ಲ ಎಂದಳು. ಬೇಡ ಎಂದಳು ಗುರುದೇವಿ. ಆ ಮಾತು ಇಷ್ಟು ಸುಲಭವಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಹಳೆಯ ರೀಲನ್ನು ಅಳಿಸಿದಳು. ಆ ವಾರ ಎಂಟುನೂರು ಜನ ಅವಳನ್ನು ಬಿಟ್ಟುಹೋದರು. ಹೊಲಿಯುವ ಮೊದಲು ಫಿರ್ದೋಸ್ ತೆಗೆದಿಟ್ಟಿದ್ದ ಜಿಪ್ಪಿನ, ಬಣ್ಣ ಇಳಿದ ತೋಳಿನ ಫೋಟೋ ಸೇರಿಸಿ ಎಲ್ಲರ ಹೆಸರಿನಲ್ಲೂ ಗ್ರಾಹಕರ ಸಹಾಯವಾಣಿಗೆ ದೂರು ಕೊಟ್ಟಳು. ತಿಂಗಳೊಳಗೆ ಒಬ್ಬೊಬ್ಬರಿಗೂ ಹಣ ಮರಳಿತು. ಬಸವೇಶ್ವರಿ ಮಾತ್ರ ದೂರಿನಿಂದ ತನ್ನ ಹೆಸರು ತೆಗೆಸಿದ್ದಳು. ಗೌನು ಈಗ ತನಗೆ ಸೇರಿಬಿಟ್ಟಿದೆ ಎಂದಳು.

ಜೂನಿನಲ್ಲಿ ಇನ್ನೊಂದು ಏಜೆನ್ಸಿ ಬಂತು. ನಿಮ್ಮ ನೇರ ಮಾತು ನಮಗೆ ಇಷ್ಟ ಎಂದು, ನೇರವಾಗಿ ಮಾತಾಡಬೇಕಾದ ಮಾತುಗಳನ್ನೂ ಬರೆದು ಕಳಿಸಿತ್ತು. ಕಲಬುರಗಿ ಮಾತು ಎಂದುಕೊಂಡು ಅವರು ಪ್ರತಿ ಪದಕ್ಕೂ 'ರೀ' ಹಚ್ಚಿದ್ದರು. ಅದನ್ನು ಜೋರಾಗಿ ಓದಿ ಓದಿ ಫಿರ್ದೋಸ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುರುದೇವಿ ಉತ್ತರ ಬರೆದಳು: ಮಾಲು ನಾನೇ ಅಂಗಡಿಯಿಂದ ತರುತ್ತೇನೆ, ಒಂದು ತಿಂಗಳು ಬಳಸುತ್ತೇನೆ, ಲೇಬಲ್ ಹಾಕುತ್ತೇನೆ, ಮಾತು ನನ್ನದು. ಯೋಚಿಸಿ ಹೇಳುತ್ತೇವೆ ಎಂದರು ಅವರು.

ಅವರು ಯೋಚಿಸುತ್ತಿರಲಿ ಎಂದು ಇಬ್ಬರೂ ಮಾಸುಮಬಿಯ ಅಂಗಡಿಗೆ ನಡೆದರು. ಕೊಳ್ಳುವ ಮೊದಲು ಹೊಲಿಗೆ ಹೇಗೆ ಎಳೆದು ನೋಡಬೇಕೆಂದು ರೀಲಿನಲ್ಲಿ ತೋರಿಸಲು ಆಕೆ ಒಪ್ಪಿದ್ದಳು, ಮುಖ ಬೇಡ, ಕೈ ಮಾತ್ರ ಎಂಬ ಷರತ್ತಿನ ಮೇಲೆ. ಅಂಗೈಗೆ ಆಗಲೇ ಮೆಹಂದಿ ಹಚ್ಚಿಸಿಕೊಂಡು ಕುಳಿತಿದ್ದಳು.