ಬೆರಳು ಕಾಣುವಷ್ಟು

ಒಂಬತ್ತು ನಿಮಿಷದ ವಿಡಿಯೊ ಎರಡೂವರೆ ಜಿಬಿ ತೂಗುತ್ತಿತ್ತು. ತಪ್ಪು ಯಶೋಧರಾಳದೇ. ಬೆರಳು ಸ್ಪಷ್ಟವಾಗಿ ಕಾಣಲಿ ಎಂದು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಇದ್ದುದರಲ್ಲಿ ದೊಡ್ಡದನ್ನೇ ಒತ್ತಿದ್ದಳು.

ಅವಳಿಗೆ ಹುಟ್ಟಿನಿಂದ ಕಿವಿ ಕೇಳದು. ವೈ.ಎನ್.ಹೊಸಕೋಟೆಯ ಬಸ್ ನಿಲ್ದಾಣದ ಹಿಂದೆ ಅಣ್ಣನ ಮನೆಯ ಜಗಲಿಯಲ್ಲಿ ರವಿಕೆ ಹೊಲಿಯುತ್ತಾಳೆ. ಅಳತೆ ಕೊಡಲು ಬರುವ ಹೆಂಗಸರು ಕೈಯಲ್ಲಿ ಉದ್ದ, ಅಗಲ, ಬುಧವಾರ ಎಂದಷ್ಟು ತೋರಿಸುತ್ತಾರೆ. ಅಣ್ಣ ಅನಿಲ್ ಕುಮಾರನಿಗೆ ಊಟ, ನೀರು, ಬಾ, ಹೋಗು ಗೊತ್ತು. ಅದಕ್ಕಿಂತ ದೊಡ್ಡ ಮಾತು ಆ ಮನೆಯಲ್ಲಿ ಅವಳೊಡನೆ ಯಾರೂ ಆಡಿದವರಲ್ಲ.

ದೊಡ್ಡ ಮಾತಿಗೆ ಇದ್ದವಳು ಶಿರಾದ ತರನ್ನುಮ್ ಒಬ್ಬಳೇ. ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಹನ್ನೊಂದು ವರ್ಷ ಇಬ್ಬರ ಮಂಚ ಅಕ್ಕಪಕ್ಕ. ಹೊಸಕೋಟೆಯ ನೆಟ್‌ವರ್ಕಿನಲ್ಲಿ ವಿಡಿಯೊ ಕಾಲ್ ನಡುವೆಯೇ ನಿಂತು, ಎತ್ತಿದ ಕೈ ಎತ್ತಿದಂತೆಯೇ ಉಳಿಯುತ್ತಿತ್ತು. ಹಾಗಾಗಿ ಅರ್ಧ ನಿಮಿಷದ ತುಣುಕು ಮಾಡಿ ವಾಟ್ಸಾಪಿನಲ್ಲಿ ಕಳಿಸಿಕೊಳ್ಳುತ್ತಿದ್ದರು.

ವೈಶಾಖದಲ್ಲಿ ತರನ್ನುಮ್‌ಳಿಂದ ಎರಡೇ ಪದ ಬಂದವು. ‘ಅಮ್ಮಿ ಇಲ್ಲ.’

ಅಮ್ಮಿ ಎಂದರೆ ಅವಳ ತಾಯಿ ಅಫ್ಜಲುನ್ನೀಸಾ. ಮಗಳಿಗಾಗಿ ಸನ್ನೆಭಾಷೆ ಕಲಿತ ಹೆಂಗಸು. ಕಿವಿ ಕೇಳುವವರ ಪೈಕಿ ಯಶೋಧರಾಳೊಡನೆ ಅವಳ ಭಾಷೆಯಲ್ಲಿ ಮಾತಾಡಿದವರು ಅವರೊಬ್ಬರೇ. ಕೆನ್ನೆಯ ಗುಳಿಗೆ ಎರಡು ಬೆರಳು ತಾಗಿಸಿ ‘ಇನ್ಮೇಲೆ ನಿನ್ನ ಹೆಸರು ಇದು’ ಎಂದು ಸನ್ನೆಹೆಸರು ಇಟ್ಟವರೂ ಅವರೇ.

ಅಂದು ಯಶೋಧರಾಳಿಗೆ ಏನು ಬರೆಯಬೇಕೆಂದು ತೋಚಲಿಲ್ಲ. ಕನ್ನಡದ ಅಕ್ಷರ ಅವಳಿಗೆ ಬೇರೆ ದೇಶದ ಭಾಷೆಯಿದ್ದಂತೆ. ಪದ ಗೊತ್ತು, ಜೋಡಿಸಲು ಬಾರದು. ಫೋನಿನ ಎದುರಿಗೆ ಕೂತು ಕೈಯೆತ್ತಿದರೆ ಅತ್ತುಬಿಡುತ್ತೇನೆಂದು ವಿಡಿಯೊ ಮಾಡಲೂ ಹೆದರಿದಳು. ಕೈ ಮುಗಿದ ಒಂದು ಚಿತ್ರ ಕಳಿಸಿ ಸುಮ್ಮನಾದಳು. ತರನ್ನುಮ್ ಕೂಡ ಸುಮ್ಮನಾದಳು. ಯಶೋಧರಾ ಎರಡು ತಿಂಗಳು ಫೋನಿನ ಬೆಳಕು ಹತ್ತಿದಾಗಲೆಲ್ಲ ನೋಡಿದಳು. ಬರುತ್ತಿದ್ದುದು ರವಿಕೆ ಗಿರಾಕಿಗಳ ಫೋಟೊ ಮಾತ್ರ.

ಕಡೆಗೆ ಆಷಾಢದ ಒಂದು ಮಧ್ಯಾಹ್ನ ಹಿತ್ತಲ ಬೇವಿನ ಮರದಡಿ ಫೋನನ್ನು ಕಲ್ಲಿಗೆ ಒರಗಿಸಿ, ಎದುರಿಗೆ ನಿಂತು, ಒಳಗಿದ್ದುದನ್ನೆಲ್ಲ ಹೇಳಿದಳು. ಒಂಬತ್ತು ನಿಮಿಷ ಹಿಡಿಯಿತು.

ವಾಟ್ಸಾಪು, ವಿಡಿಯೊ ಹಾಗೇ ಹೋಗದು, ಕತ್ತರಿಸು ಎಂದಿತು. ಒಂದು ತುಂಡು ಕಳಿಸಿ ನೋಡಲು ಅಣ್ಣನ ಫೋನಿಗೆ ಹಾಕಿದಳು. ಆ್ಯಪು ತಾನೇ ಹಿಂಡಿದ ಚಿತ್ರದಲ್ಲಿ ಬೇಗ ಆಡಿದ ಬೆರಳೆಲ್ಲ ಕಲಸಿದ ಹಿಟ್ಟು. ಕುಗ್ಗಿಸುವ ಇನ್ನೊಂದು ಆ್ಯಪು ಇಳಿಸಿಕೊಂಡರೆ, ಫೋನು ಬಿಸಿಯಾಗಿ ಅರ್ಧಕ್ಕೇ ನಿಂತಿತು.

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಪಾವಗಡಕ್ಕೆ ಹೋದಳು. ಪ್ರಭುದೇವ್ ಎಂಬಾತನ ಸ್ಟುಡಿಯೊ ಇತ್ತು. ಮದುವೆ ವಿಡಿಯೊ ಮಾಡುವವನು. ಅವಳು ಕಿವಿ ತೋರಿಸಿ ಚೀಟಿ ಮುಂದಿಟ್ಟಳು: ‘ವಿಡಿಯೊ ಚಿಕ್ಕದು ಬೇಕು. 50 ಎಂಬಿ ಒಳಗೆ. ಫ್ರೆಂಡ್ ಹಳೆ ಫೋನ್, ಜಾಗ ಇಲ್ಲ.’

ಅವನು ಚೀಟಿ ಓದಿ, ಅವಳ ಕಿವಿಯತ್ತ ನೋಡಿ, ಮುಖ ಎದುರಿಗೆ ಹಿಡಿದು ನಿಧಾನವಾಗಿ ಮಾತಾಡತೊಡಗಿದ. ಅಷ್ಟು ಉಪಕಾರ ಮಾಡುವವರು ಕಡಿಮೆ. ತುಟಿ ಓದಿ ಅವಳು ಬಹುಪಾಲು ಹಿಡಿದಳು.

“ಕೂತ್ಕಳಮ್ಮ. ವಯರ್ ಹಾಕಿ ಕಂಪ್ಯೂಟರ್‌ಗೆ ಎಳ್ಕಂತೀನಿ.” ನೋಡಿ ತಲೆ ಕೆರೆದುಕೊಂಡ. “ಇದು ಹೆಚ್‌ಇವಿಸಿ ಕಣಮ್ಮ, ಹೊಸ ಥರದ್ದು. ಹಳೇ ಫೋನಲ್ಲಿ ಓಡದೇ ಇರಬೌದು. ಹೆಚ್.264 ಮಾಡಿಕೊಡ್ತೀನಿ, ಎಂಪಿ4. ಅದು ಎಲ್ಲದ್ರಾಗೂ ಓಡ್ತದೆ.”

ಮೊದಲ ಸಲ ಅವನು ತನಗೆ ತಿಳಿದಂತೆ ಮಾಡಿದ. ಚಿತ್ರವನ್ನು ತೀರಾ ಸಣ್ಣದು ಮಾಡಿ, ಸೆಕೆಂಡಿಗೆ ಮೂವತ್ತು ಇದ್ದ ಫ್ರೇಮುಗಳನ್ನು ಹದಿನೈದಕ್ಕೆ ಇಳಿಸಿದ. ಹದಿನೆಂಟು ಎಂಬಿಗೆ ಬಂತು. ಖುಷಿಯಾಗಿ ತೋರಿಸಿದ. ಅವಳು ಬೇಡವೆಂದು ತಲೆಯಾಡಿಸಿದಳು.

“ಯಾಕಮ್ಮ, ಮುಖ ಚೆಂದಾಗಿ ಕಾಣ್ತದಲ್ಲ?”

ಅವಳು ತನ್ನ ಬೆರಳು ತೋರಿಸಿ, ಪರದೆಯ ಬೆರಳು ತೋರಿಸಿದಳು. ಒಂದು ಕಡೆ ನಿಲ್ಲಿಸುವಂತೆ ಹೇಳಿ, ಒಂದೊಂದೇ ಫ್ರೇಮು ಮುಂದೆ ತಳ್ಳಿಸಿದಳು. ಒಂದರಲ್ಲಿ ಕೈ ಎದೆಯ ಮೇಲಿತ್ತು, ಮುಂದಿನದರಲ್ಲಿ ಗಲ್ಲದ ಮೇಲೆ. ನಡುವೆ ಹೇಳಿದ ಮಾತೇ ಇರಲಿಲ್ಲ.

ಪ್ರಭುದೇವ್ ಪರದೆಗೆ ಬಗ್ಗಿದ. “ಓ... ಇದು ಡ್ಯಾನ್ಸ್ ಇದ್ದಂಗಲ್ಲ, ಮಾತು! ಅಂಗಾರೆ ಫ್ರೇಮ್ ಮುಟ್ಟಂಗಿಲ್ಲ ಬುಡು.”

ಮೂವತ್ತನ್ನು ಮೂವತ್ತಾಗಿಯೇ ಉಳಿಸಿ, ಚಿತ್ರವನ್ನು 480ರ ಅಳತೆಗೆ ಇಳಿಸಿ ಮತ್ತೆ ನಡೆಸಿದ. ಐವತ್ತರೊಳಗೆ ಕೂರಿಸಲು, ಸೆಕೆಂಡಿಗೆ ಇಷ್ಟೇ ಡೇಟಾ ಎಂದು ಬಿಟ್‌ರೇಟ್ ಕಟ್ಟಿಹಾಕಿದೊಡನೆ ಬೆರಳ ಸುತ್ತ ಚೌಕ ಚೌಕವಾಗಿ ಒಡೆಯಿತು. ಅವನು ಪರದೆಯ ಅಂಚಿಗೆ ಬೆರಳಿಟ್ಟ. “ಈ ಬೇವಿನ ಸೊಪ್ಪು ನೋಡಮ್ಮ. ಗಾಳಿಗೆ ಒಂದೊಂದೆಲೆನೂ ಅಳ್ಳಾಡ್ತದೆ. ಅಳ್ಳಾಡೋದಕ್ಕೆಲ್ಲ ಎಂಬಿ ಬೇಕು. ನಿನ್ನ ಕೈಗೆ ಹೋಗಬೇಕಾದ್ದು ಸೊಪ್ಪಿಗೆ ಹೋಗ್ತೈತೆ. ಒಳಗೆ ಬಿಳಿ ಗೋಡೆ ಮುಂದೆ ಇನ್ನೊಂದಪ ತೆಗೀಲಾ?”

ಅವಳು ಬೇಡವೆಂದಳು. ಅದನ್ನು ಇನ್ನೊಂದು ಸಲ ಹೇಳುವ ಶಕ್ತಿ ಅವಳಲ್ಲಿರಲಿಲ್ಲ.

“ಸರಿ, ಎರಡು ಕಡೆ ಸೊಪ್ಪು ಕತ್ತರಿಸ್ತೀನಿ. ಆಡಿಯೊನೂ ತೆಗೆದ್ರೆ ಎಂಟು ಎಂಬಿ ಉಳೀತದೆ.” ತೆಗೆಯುವ ಮುಂಚೆ ಒಮ್ಮೆ ಕೇಳೋಣವೆಂದು ಹೆಡ್‌ಫೋನ್ ಏರಿಸಿಕೊಂಡ. ಅವನ ಮುಖ ಬದಲಾದುದನ್ನು ಯಶೋಧರಾ ಕಂಡಳು. ಏನೆಂದು ಹುಬ್ಬು ಎತ್ತಿದಳು. ಅವನು ಫೋಟೊ ಕವರಿನ ಹಿಂದೆ ಬರೆದ: ‘ನೀವು ಜೋರಾಗಿ ಅಳ್ತಾ ಇದೀರಿ.’

ಕಣ್ಣೀರು ಬಂದದ್ದು ಅವಳಿಗೆ ಗೊತ್ತಿತ್ತು. ದನಿ ಬಂದದ್ದು ಗೊತ್ತಿರಲಿಲ್ಲ. ಅಂದು ಅಣ್ಣ ಅತ್ತಿಗೆ ಇಬ್ಬರೂ ಮನೆಯಲ್ಲೇ ಇದ್ದರು. ಅಕ್ಕಪಕ್ಕದವರೂ ಇದ್ದರು. ಯಾರೂ ಹಿತ್ತಲಿಗೆ ಬಂದು ನೋಡಿರಲಿಲ್ಲ. ಅವಳು ಆ ಕವರನ್ನು ಮಗುಚಿಟ್ಟು, ದನಿ ತೆಗೆದುಹಾಕು ಎಂದು ಕೈ ಬೀಸಿದಳು.

ಈ ಸಲ ನಲವತ್ತೇಳು ಎಂಬಿ ಆಯಿತು. ಬೆರಳು ಬಿಡಿಬಿಡಿಯಾಗಿ ಕಂಡವು. ಅಲ್ಲಲ್ಲಿ ನೋಡಿ ಇಬ್ಬರೂ ಒಪ್ಪಿದರು. “ವಿಡಿಯೊ ಅಂತ ಹಾಕ್ಬೇಡಮ್ಮ, ಮತ್ತೆ ಹಿಂಡ್ತದೆ. ಡಾಕ್ಯುಮೆಂಟ್ ಅಂತ ಹಾಕು, ಇದ್ದಂಗೇ ಹೋಗ್ತದೆ.” ಹಾಗೆಯೇ ಹಾಕಿದಳು. ಹೊರಡುವಾಗ ಅವನು ಕೇಳಿದ. “ಬೆಳಿಗ್ಗೆಯಿಂದ ನಾಕು ಸಲ ನೋಡಿದೆ, ಒಂದಕ್ಷರ ತಿಳೀಲಿಲ್ಲ. ಏನಮ್ಮ ಹೇಳಿದೀಯ ಅದ್ರಾಗೆ?”

ಹಾಗೆ ಅವಳನ್ನು ಕೇಳಿದವರೇ ಇಲ್ಲ. ಕೈಯೆತ್ತಿದಳು. ಆದರೆ ಹೇಳಿದರೂ ಅವನಿಗೆ ತಿಳಿಯದು. ಚೀಟಿಯಲ್ಲಿ ‘ಅಮ್ಮ ಸತ್ತರು’ ಎಂದಷ್ಟೇ ಬರೆದಳು. ಅವನು ಅವಳ ತಾಯಿಯೆಂದೇ ತಿಳಿದು ತಲೆ ತಗ್ಗಿಸಿದ. ಅವಳು ತಿದ್ದಲಿಲ್ಲ.

ಮೂರು ದಿನ ಏನೂ ಇಲ್ಲ. ನಾಲ್ಕನೆಯ ದಿನ ರವಿಕೆಗೆ ಕಾಜಾ ಕಟ್ಟುತ್ತಿದ್ದಾಗ ಫೋನು ಬೆಳಗಿತು. ಬಂದ ವಿಡಿಯೊದಲ್ಲಿ ತರನ್ನುಮ್ ಬಹಳ ಸೊರಗಿದ್ದಳು.

‘ಎಲ್ಲ ನೋಡಿದೆ,’ ಎಂದವು ಅವಳ ಕೈಗಳು. ‘ಏಳನೇ ನಿಮಿಷದಲ್ಲಿ ಅಮ್ಮಿ ಅಂತೀಯ, ಹಾಸ್ಟೆಲ್ ಗೇಟು ಅಂತೀಯ, ಆಮೇಲೆ ನಿನ್ನ ಎರಡು ಕೈಯೂ ಚಿತ್ರದಾಚೆ ಹೋಗ್ತವೆ. ಎಷ್ಟು ಸಲ ನೋಡಿದ್ರೂ ಕಾಣಲ್ಲ. ಅಲ್ಲಿ ಏನು ಹೇಳಿದೆ?’

ಯಶೋಧರಾ ಫೈಲು ತೆರೆದಳು. ನಿಜ. ಎಲೆಗಳ ಜೊತೆ ಅದೂ ಕತ್ತರಿಸಿಹೋಗಿತ್ತು. ಅಮ್ಮಿ ಗೇಟಿನಲ್ಲಿ ತೋಳನ್ನು ಎಷ್ಟು ಅಗಲಕ್ಕೆ ಚಾಚಿ, ಇಬ್ಬರು ಹುಡುಗಿಯರನ್ನೂ ಒಟ್ಟಿಗೆ ಹೇಗೆ ಬಾಚಿಕೊಳ್ಳುತ್ತಿದ್ದರು ಎಂದು ಅವಳು ತೋರಿಸಿದ್ದಳು. ಮೂಲ ವಿಡಿಯೊ ಫೋನಿನಲ್ಲಿ ಇನ್ನೂ ಇತ್ತು. ಆ ತುಣುಕನ್ನಷ್ಟೇ ಕತ್ತರಿಸಿ ಕಳಿಸಬಹುದಿತ್ತು. ಕಳಿಸಲಿಲ್ಲ. ‘ಭಾನುವಾರ ಬರುತ್ತೇನೆ’ ಎಂದು ಬರೆದಳು.

ಒಬ್ಬಳೇ ಹೋಗಬೇಡ ಎಂದು ಅಣ್ಣ ಕೈಯಲ್ಲಿ ಹೇಳಿದ. ಅವಳು ಹೋದಳು. ಪಾವಗಡದಲ್ಲಿ ಬಸ್ಸು ಬದಲಿಸಿ, ಶಿರಾದ ಬೋರ್ಡು ಓದಿಕೊಂಡು ಹತ್ತಿದಳು. ತರನ್ನುಮ್ ಬಾಗಿಲು ತೆರೆದಳು. ಯಶೋಧರಾ ಹೊಸ್ತಿಲಲ್ಲೇ ನಿಂತು ತೋಳು ಚಾಚಿದಳು, ಎರಡೂ ಬಾಗಿಲ ಚೌಕಟ್ಟಿಗೆ ತಾಗುವಷ್ಟು.

ಸಂಜೆಯ ಬಸ್ಸಿನಲ್ಲಿ ಪಕ್ಕದ ಹೆಂಗಸು ಏನೋ ಕೇಳಿ, ಉತ್ತರ ಬಾರದ್ದಕ್ಕೆ ಮುಖ ತಿರುಗಿಸಿಕೊಂಡಳು. ಯಶೋಧರಾ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಅವಳ ಮಣಿಕಟ್ಟು ನೋಯುತ್ತಿತ್ತು. ಇಷ್ಟೊಂದು ಮಾತಾಡಿ ಎಷ್ಟೋ ವರ್ಷವಾಗಿತ್ತು.