ಎಡಗಡೆಯ ಕನ್ನಡಿ

ನನ್ನ ಮಾವ ಬದುಕಿನ ಮುಕ್ಕಾಲು ಪಾಲನ್ನು ಲಾರಿಯ ಸ್ಟೀರಿಂಗ್ ಹಿಂದೆ ಕಳೆದವರು. ಸಾಮಾನ್ಯ ಲಾರಿಯೂ ಅಲ್ಲ, ಹಿಂದೆ ಉದ್ದನೆಯ ಟ್ರೇಲರ್ ಎಳೆದುಕೊಂಡು ಹೋಗುವ ಲಾರಿ. ಅಂಥವರಿಗೆ ಪಾರ್ಶ್ವವಾಯು ಬಡಿದು ಎಡಗಾಲಿನ ಶಕ್ತಿ ಹೋಯಿತು. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ, ಮಾತು ಸ್ಪಷ್ಟವಿದೆ, ಕೈಗಳೂ ಸರಿಯಿವೆ. ಆದರೆ ಕ್ಲಚ್ ತುಳಿಯಲಾರದ ಕಾಲಿಗೆ ಲಾರಿ ಯಾರು ಕೊಡುತ್ತಾರೆ? ಲೈಸೆನ್ಸೂ ಹೋಯಿತು. ಡಾಕ್ಟರು ಮನೆಗೆ ಕಳಿಸುವಾಗ ಇನ್ನೊಂದು ಮಾತು ಹೇಳಿದ್ದರು: ಎಡಗಡೆ ಏನಾದರೂ ಕಾಣದಂತಾದರೆ, ಕಪ್ಪಾದಂತೆ ಅನಿಸಿದರೆ, ಆ ಕ್ಷಣವೇ ಕರೆದುಕೊಂಡು ಬನ್ನಿ.

ಅಂದಿನಿಂದ ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತವರು ಕೂತೇ ಇದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಟೀವಿ ಹಾಕಿದರೆ ನೋಡುತ್ತಿದ್ದರು, ಆರಿಸಿದರೂ ಅದೇ ಕಡೆ ನೋಡುತ್ತಿದ್ದರು. ಅತ್ತೆ ಅದನ್ನೇ ಹೇಳಿ ನಗಿಸಲು ಹೋಗಿ ತಾವೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಗಂಡ, ಕಾಲ ಕಳೆದಂತೆ ಎಲ್ಲ ಸರಿಹೋಗುತ್ತದೆ ಎಂದು ಗಿರಾಕಿಗಳಿಗೆ ಹೇಳುವ ದನಿಯಲ್ಲೇ ನನಗೂ ಹೇಳಿದರು. ನನಗೆ ಕಾಯುವ ಅಭ್ಯಾಸವಿಲ್ಲ. ಮೂಗಿನ ಮೇಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ಎಂದು ನಮ್ಮಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ.

ನಾನು ಪ್ರಿಂಟಿಂಗ್ ಅಂಗಡಿಯೊಂದರಲ್ಲಿ ಪುಟ ಜೋಡಿಸುವವಳು. ನನ್ನ ಹಳೆಯ ಲ್ಯಾಪ್‌ಟಾಪ್ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಲಾರಿ ಓಡಿಸುವ ಆಟವೊಂದಿದೆ, ಟ್ರೇಲರ್ ಕಟ್ಟಿಕೊಂಡು ಊರಿಂದೂರಿಗೆ ಸರಕು ಸಾಗಿಸುವುದು. ಅದನ್ನು ಹಾಕಿಕೊಟ್ಟರೆ ಹೇಗೆ ಎಂದು ಹೊಳೆಯಿತು. ನನ್ನ ತಮ್ಮ ಬಿಟ್ಟುಹೋದ ಜಾಯ್‌ಪ್ಯಾಡ್ ಕೂಡ ಇತ್ತು. ಅದರಲ್ಲಿ ಕಾಲಿನ ಕೆಲಸವೇ ಇಲ್ಲ, ಹೆಬ್ಬೆರಳಿನಲ್ಲಿ ತಿರುಗಿಸಿ ತೋರುಬೆರಳಿನಲ್ಲಿ ಒತ್ತಿದರೆ ಗಾಡಿ ಹೋಗುತ್ತದೆ.

ಮೊದಲ ದಿನ ಆಟ ಓಡಲಿಲ್ಲ, ತೆವಳಿತು. ಪರದೆ ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಎಂಬ ಲೆಕ್ಕ ಮೂಲೆಯಲ್ಲಿ ಕಾಣುವಂತೆ ಇಟ್ಟಿದ್ದೆ. ಅದು ಹನ್ನೆರಡು, ಹದಿಮೂರರ ನಡುವೆ ಒದ್ದಾಡುತ್ತಿತ್ತು. ಮೂವತ್ತಾದರೂ ಇರದಿದ್ದರೆ ಕೈಗೂ ಕಣ್ಣಿಗೂ ತಾಳೆಯಾಗುವುದಿಲ್ಲ. ಮಾವ ಎರಡು ತಿರುವು ದಾಟಿ, ಸ್ಟೀರಿಂಗ್ ತಿರುಗಿಸಿದ ಮೇಲೆ ಗಾಡಿ ಕೂತು ಯೋಚನೆ ಮಾಡುತ್ತದೆ ಎಂದರು. ಆದರೆ ಎಷ್ಟೋ ದಿನದ ಮೇಲೆ ಅವರ ಬೆನ್ನು ಕುರ್ಚಿಗೆ ಒರಗದೆ ನೆಟ್ಟಗಿತ್ತು. ಅದನ್ನು ನೋಡಿದ ಮೇಲೆ ನಾನು ಬಿಡುತ್ತೇನೆಯೇ?

ಆ ಲ್ಯಾಪ್‌ಟಾಪಿನಲ್ಲಿ ಚಿತ್ರಕ್ಕೆಂದು ಬೇರೆ ಕಾರ್ಡ್ ಇಲ್ಲ. ಪ್ರೊಸೆಸರಿನೊಳಗೇ ಒಂದು ಪುಟ್ಟ ಭಾಗ ಆ ಕೆಲಸ ನೋಡಿಕೊಳ್ಳುತ್ತದೆ. ಅದಕ್ಕೆ ಸ್ವಂತ ಮೆಮೊರಿಯೂ ಇಲ್ಲ, ಇಡೀ ಯಂತ್ರಕ್ಕಿರುವ ರ‍್ಯಾಮ್‌ನಲ್ಲೇ ಪಾಲು. ಒಟ್ಟು ಕುಟುಂಬದಲ್ಲಿ ಒಂದೇ ಬಚ್ಚಲುಮನೆ ಇದ್ದ ಹಾಗೆ. ಮೊದಲು ಹಿಂದಿನ ಮುಚ್ಚಳ ಬಿಚ್ಚಿ ಫ್ಯಾನಿನ ಧೂಳು ತೆಗೆದೆ. ಬಿಸಿಯೇರಿದರೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಚಾರ್ಜರ್ ಸಿಕ್ಕಿಸಿ, ಬ್ಯಾಟರಿ ಉಳಿಸುವ ಸೆಟ್ಟಿಂಗ್ ತೆಗೆದುಹಾಕಿದೆ. ಪರದೆಯ ರೆಸಲ್ಯೂಷನ್ ಒಂದು ಮೆಟ್ಟಿಲು ಇಳಿಸಿದೆ, ಲೆಕ್ಕ ಹದಿನೆಂಟಕ್ಕೆ ಬಂತು. ನೆರಳುಗಳನ್ನು ಪೂರ್ತಿ ತೆಗೆದೆ, ಇಪ್ಪತ್ತೆರಡು. ಅಂಗಡಿಯಲ್ಲಿ ಕೆಟ್ಟು ಬಿದ್ದಿದ್ದ ಲ್ಯಾಪ್‌ಟಾಪಿನ ರ‍್ಯಾಮ್ ಪಟ್ಟಿ ಇದೇ ಜಾತಿಯದು ಎಂದು ನೋಡಿಕೊಂಡು, ಮಾಲೀಕರನ್ನು ಕೇಳಿ ತಂದು ಖಾಲಿಯಿದ್ದ ಎರಡನೆಯ ಜಾಗದಲ್ಲಿ ಕೂರಿಸಿದೆ. ಒಂದು ಪಟ್ಟಿಯಿದ್ದಾಗ ಮಾಹಿತಿ ಓಡಾಡಲು ಒಂದೇ ದಾರಿ, ಎರಡಾದರೆ ಎರಡು ದಾರಿ. ಇಪ್ಪತ್ತಾರಕ್ಕೆ ಏರಿತು. ಮೇಲ್ಮೈಯ ಚಿತ್ತಾರ, ಅಂದರೆ ಟೆಕ್ಸ್ಚರ್, ಇಳಿಸಿ ನೋಡಿದೆ, ಲಾರಿಯ ಮೈಯೆಲ್ಲ ಕಲಸಿದ ಹಿಟ್ಟಾಯಿತೇ ಹೊರತು ಲೆಕ್ಕ ಅಲ್ಲಾಡಲಿಲ್ಲ. ಅದನ್ನು ಇದ್ದ ಹಾಗೇ ಬಿಟ್ಟೆ.

ಇನ್ನು ನಾಲ್ಕು ಬೇಕಿತ್ತು. ಒಂದೊಂದೇ ಬದಲಿಸಿ, ಒಂದೇ ರಸ್ತೆಯಲ್ಲಿ ಓಡಿಸಿ, ಲೆಕ್ಕ ನೋಡುವುದು ನನ್ನ ಪದ್ಧತಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಸೆಟ್ಟಿಂಗುಗಳ ಪಟ್ಟಿಯಲ್ಲಿ ಇಳಿಯುತ್ತಾ ಹೋಗಿ ಕನ್ನಡಿಗಳು ಎಂಬುದನ್ನು ಆಫ್ ಮಾಡಿದೆ. ಲೆಕ್ಕ ಮೂವತ್ತನಾಲ್ಕಕ್ಕೆ ಹಾರಿತು. ಹಾರದೇ ಏನು? ಒಂದೊಂದು ಕನ್ನಡಿಗೂ ಹಿಂದಿನ ರಸ್ತೆ, ಗಾಡಿ, ಮರಗಳನ್ನೆಲ್ಲ ಯಂತ್ರ ಇನ್ನೊಮ್ಮೆ ಬಿಡಿಸಬೇಕು. ಮೇಲಕ್ಕೂ ಕೆಳಕ್ಕೂ ಹೊಯ್ದಾಡದಿರಲೆಂದು ಮೂವತ್ತಕ್ಕೆ ಕಟ್ಟಿಹಾಕಿ, ಕಾಫಿ ಕುಡಿದು, ಅತ್ತೆಯ ಮುಂದೆ ಜಂಬ ಕೊಚ್ಚಿಕೊಂಡೆ. ನಾನು ಬಸ್ಸಿನಲ್ಲಿ ಓಡಾಡುವವಳು. ಕನ್ನಡಿ ಎಂದರೆ ನನಗೆ ಮುಖ ನೋಡಿಕೊಳ್ಳುವ ವಸ್ತು.

ಭಾನುವಾರ ಬೆಳಗ್ಗೆ ಮಾವನನ್ನು ಕೂರಿಸಿದೆ. ಗಾಡಿ ಬೆಣ್ಣೆಯಂತೆ ಹೊರಟಿತು. ಎರಡು ತಿರುವು ಚೆನ್ನಾಗಿ ಹೋಯಿತು. ಮೂರನೆಯದರಲ್ಲಿ ಅವರು ಒಮ್ಮೆ ಎಡಕ್ಕೆ ನೋಡಿದರು. ಮತ್ತೆ ನೋಡಿದರು. ಕಣ್ಣುಜ್ಜಿಕೊಂಡರು. ಆಮೇಲೆ ಗಾಡಿಯನ್ನು ನಿಧಾನವಾಗಿ ರಸ್ತೆ ಬದಿಗೆ ತಂದು ನಿಲ್ಲಿಸಿ, ಜಾಯ್‌ಪ್ಯಾಡನ್ನು ಮೇಜಿನ ಮೇಲಿಟ್ಟು, ಇದು ತನ್ನ ಕೈಲಾಗುವುದಲ್ಲ ಎಂದು ಎದ್ದು ಕಿಟಕಿಯ ಬಳಿ ಹೋದರು. ಏನಾಯಿತು ಎಂದರೆ ತುಟಿ ಪಿಟಕ್ಕೆನ್ನಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಮೂರು ಸಂಜೆ ಸ್ಕ್ರೂ ಬಿಚ್ಚಿ, ಸ್ಕ್ರೂ ಹಾಕಿ, ಬೆರಳು ಸುಟ್ಟುಕೊಂಡದ್ದು ಇದಕ್ಕೇನಾ? ಗಂಡ ಬಂದ ಕೂಡಲೇ ಅವರ ಮೇಲೆ ಹರಿಹಾಯ್ದೆ. ಅಪ್ಪನಿಗೆ ಇಷ್ಟವಿಲ್ಲದ್ದನ್ನು ತಲೆಗೆ ಕಟ್ಟಬೇಡ ಎಂದರು ಅವರು. ಆಯಿತು, ನಾನು ಕೈ ತೊಳೆದುಕೊಂಡೆ ಎಂದು ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಮಾವ ಮಾತ್ರ ಮೊದಲಿಗಿಂತ ಕೆಟ್ಟರು. ತಟ್ಟೆಯನ್ನು ಬಲಕ್ಕೆ ಸರಿಸಿಕೊಂಡು ಉಣ್ಣತೊಡಗಿದರು. ಬಾಗಿಲು ದಾಟುವಾಗ ಎಡಗೈಯಿಂದ ಗೋಡೆ ಸವರಿ ನೋಡುತ್ತಿದ್ದರು. ಬಚ್ಚಲಿನ ಕನ್ನಡಿಯ ಮುಂದೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತಿದ್ದನ್ನು ಒಮ್ಮೆ ಕಂಡೆ. ಕಣ್ಣಿಗೆ ಸೋಪು ಹೋಗಿರಬೇಕು ಎಂದುಕೊಂಡು ಸುಮ್ಮನಾದೆ. ಆಮೇಲೊಂದು ಮಧ್ಯಾಹ್ನ ಅತ್ತೆ ನನ್ನ ಜೊತೆ ಸೊಪ್ಪು ಬಿಡಿಸುತ್ತಾ, ನಿಮ್ಮ ಮಾವನಿಗೆ ಈ ವಯಸ್ಸಿನಲ್ಲಿ ಕಣ್ಣಾಮುಚ್ಚಾಲೆ ಬೇಕಂತೆ ಎಂದು ನಕ್ಕರು. ತನ್ನ ಎಡಕ್ಕೆ ನಿಂತು ಕೈ ಎತ್ತು, ಇಳಿಸು ಎಂದು ಬೆಳಗ್ಗೆಯೆಲ್ಲ ಪ್ರಾಣ ತಿಂದರಂತೆ.

ಡಾಕ್ಟರ ಮಾತು ನೆನಪಾಯಿತು. ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಹಿಡಿದು ನೇರ ಕಿಟಕಿಯ ಬಳಿ ಹೋದೆ.

"ಮಾವ, ನಿಜ ಹೇಳಿ. ಎಡಗಡೆ ಕಾಣ್ತಿಲ್ವಾ?"

ಅವರು ಕಿಟಕಿಯ ಕಡೆಯಿಂದ ನನ್ನತ್ತ ತಿರುಗಿದರು. ಆಮೇಲೆ, ಮನೆಯಲ್ಲಿ ಎಲ್ಲ ಕಾಣುತ್ತದೆ, ಎಷ್ಟು ಪರೀಕ್ಷೆ ಮಾಡಿದರೂ ಕಾಣುತ್ತದೆ, ಆದರೆ ಗಾಡಿಯಲ್ಲಿ ಕೂತಾಗ ಕಾಣಲಿಲ್ಲ ಎಂದರು. ರಸ್ತೆ ನೋಡುವ ಕಣ್ಣೇ ಬೇರೆ, ಮೊದಲು ಹೋಗುವುದು ಅದೇ ಇರಬೇಕು ಎಂಬುದು ಅವರ ತರ್ಕ. ಮಗನಿಗೆ ಹೇಳಬೇಡ ಎಂದು ನನ್ನ ಕೈ ಹಿಡಿದುಕೊಂಡರು. ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಆಸ್ಪತ್ರೆಗೆ ಆಟೋ ಕರೆಯುವ ಮೊದಲು, ಯಾವ ಜಾಗದಲ್ಲಿ ಕಾಣಲಿಲ್ಲ ಎಂದು ತೋರಿಸಿ ಅಂದೆ. ಡಾಕ್ಟರು ಕೇಳಿದರೆ ಹೇಳಬೇಕಲ್ಲ. ಲ್ಯಾಪ್‌ಟಾಪ್ ತೆರೆದೆ. ಅವರು ನಿಲ್ಲಿಸಿದ್ದ ಜಾಗದಲ್ಲೇ ಗಾಡಿ ನಿಂತಿತ್ತು. ಆ ಆಟದಲ್ಲಿ ಡ್ರೈವರ್ ಎಡಗಡೆ ಕೂರುತ್ತಾನೆ. ಪರದೆಯಲ್ಲಿ ನೇರ ಕಾಣುವುದು ಎಡಗಡೆಯ ಕನ್ನಡಿ ಮಾತ್ರ, ಬಲಗಡೆಯದು ಬೇಕಾದರೆ ಗುಂಡಿ ಒತ್ತಿ ತಲೆ ತಿರುಗಿಸಬೇಕು. ಮಾವ ಬೆರಳನ್ನು ಆ ಕನ್ನಡಿಯ ಮೇಲಿಟ್ಟರು.

"ಇಲ್ಲಿ ನೋಡು, ಇಲ್ಲಿ ಪೂರ್ತಿ ಕಪ್ಪು. ಹಿಂದೆ ಟ್ರೇಲರ್ ಇದೆ ಅಂತ ಗೊತ್ತು. ನನಗೆ ಮಾತ್ರ ಕಾಣ್ತಿಲ್ಲ."

ನಾನು ನೋಡಿದೆ. ಕಪ್ಪಗಿತ್ತು. ನಾನೇ ಆಫ್ ಮಾಡಿದ್ದ ಕನ್ನಡಿ.

"ಮಾವ, ನನಗೂ ಕಪ್ಪಗೇ ಕಾಣ್ತಿದೆ. ಅದು ಕಣ್ಣಲ್ಲ. ನಾನೇ ಕನ್ನಡಿ ಆಫ್ ಮಾಡಿದ್ದೀನಿ."

ಅವರಿಗೆ ಅರ್ಥವಾಗಲಿಲ್ಲ. ಸೆಟ್ಟಿಂಗಿಗೆ ಹೋಗಿ ಕನ್ನಡಿ ಹಾಕಿ ತೋರಿಸಿದೆ. ಕಪ್ಪು ಚೌಕದೊಳಗೆ ಟ್ರೇಲರಿನ ಉದ್ದನೆಯ ಮೈ, ಅದರ ಹಿಂದೆ ರಸ್ತೆ, ರಸ್ತೆಯಂಚಿನ ಬಿಳಿ ಗೆರೆ ಎಲ್ಲ ಬಂದು ನಿಂತವು. ಮಾವ ಬಲಗಣ್ಣು ಮುಚ್ಚಿ ನೋಡಿದರು, ಎಡಗಣ್ಣು ಮುಚ್ಚಿ ನೋಡಿದರು. ಆಮೇಲೆ ಕುರ್ಚಿಗೆ ಒರಗಿ ಎರಡೂ ಕಣ್ಣು ಮುಚ್ಚಿಕೊಂಡು ಉಸಿರು ಬಿಟ್ಟರು. ಅತ್ತೆ ಅಡುಗೆಮನೆಯಿಂದ, ಆಟೋ ಬೇಕೋ ಬೇಡವೋ ಬೇಗ ಹೇಳಿ ಎಂದು ಕೂಗುತ್ತಿದ್ದರು.

ಕನ್ನಡಿ ಹಾಕಿದ್ದಕ್ಕೆ ಲೆಕ್ಕ ಮತ್ತೆ ಇಪ್ಪತ್ತಾರಕ್ಕೆ ಇಳಿದಿತ್ತು. ಈ ಸಲ ಒಬ್ಬಳೇ ಕೂತು ನಿರ್ಧಾರ ಮಾಡಲಿಲ್ಲ, ಏನು ಬೇಕು ಏನು ಬೇಡ ಎಂದು ಅವರನ್ನೇ ಕೇಳಿದೆ. ಮಾವ ಸರಕು ಇಳಿಸುವವರಂತೆ ಒಂದೊಂದೇ ಇಳಿಸಿದರು. ಹುಲ್ಲು ಬೇಡ, ಹುಲ್ಲು ನೋಡುತ್ತಾ ಯಾವ ಡ್ರೈವರ್ ಬದುಕಿದ್ದಾನೆ? ದೂರದ ಮರಗಳು ಬೇಡ. ಗಾಜಿನಲ್ಲಿ, ನೀರಿನಲ್ಲಿ ಮೂಡುವ ಪ್ರತಿಬಿಂಬಗಳು ಬೇಡ. ಕನ್ನಡಿ ಇರಲಿ, ಆದರೆ ಅದರಲ್ಲಿ ತೀರ ದೂರದ್ದು ಬೇಡ, ಟ್ರೇಲರಿನ ಹಿಂದೆ ನಾಲ್ಕು ಗಾಡಿ ಕಂಡರೆ ಸಾಕು. ರೆಸಲ್ಯೂಷನ್ ಇನ್ನೊಂದು ಮೆಟ್ಟಿಲು ಇಳಿಸಿದಾಗ ಅಕ್ಷರಗಳು ಮಸುಕಾದವು. ಬೋರ್ಡ್ ಓದುವುದಕ್ಕೆ ನೀನಿದ್ದೀಯಲ್ಲ ಎಂದರು. ಲೆಕ್ಕ ಮೂವತ್ತೊಂದು, ಮೂವತ್ತೆರಡರಲ್ಲಿ ನಿಂತಿತು. ಮತ್ತೆ ಮೂವತ್ತಕ್ಕೆ ಕಟ್ಟಿದೆ. ಆಕಾಶ ಚಪ್ಪಟೆ, ಬೆಟ್ಟ ಬೋಳು, ಲಾರಿಗೆ ನೆರಳಿಲ್ಲ. ನೋಡಲು ಏನೇನೂ ಚೆಂದವಿರಲಿಲ್ಲ.

ಮಾವ ಟ್ರೇಲರನ್ನು ಹಿಮ್ಮುಖವಾಗಿ ಗೋದಾಮಿನ ಬಾಗಿಲಿಗೆ ಬಿಡತೊಡಗಿದರು. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಮೊದಲು ಬಲಕ್ಕೆ ತಿರುಗಬೇಕಂತೆ. ಕನ್ನಡಿ ನೋಡಿಕೊಂಡು, ಅವಸರವಿಲ್ಲದೆ, ಒಂದು ಸಲ ಮುಂದೆ ತಂದು ಸರಿಮಾಡಿಕೊಂಡು ಬಿಡುತ್ತಿದ್ದರು. ನಾನು ಬೋರ್ಡ್ ಓದುವವಳಾಗಿ ಪಕ್ಕದಲ್ಲಿ ಕೂತಿದ್ದೆ. ಕೊನೆಗೆ ಕೇಳಿಯೇಬಿಟ್ಟೆ.

"ಅವತ್ತೇ ಒಂದು ಮಾತು ಹೇಳಬಾರದಿತ್ತಾ ಮಾವ? ಕನ್ನಡಿ ಕೆಟ್ಟಿದೆ, ನೋಡು ಅಂತ?"

ಅವರು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ನೀನು ಅಷ್ಟು ಕಷ್ಟಪಟ್ಟು ಒಂದೊಂದೇ ಸರಿ ಮಾಡಿದ್ದೆಯಲ್ಲ ಮಗಳೇ. ಇನ್ನು ಕೆಟ್ಟಿರೋದು ನಾನೇ ಇರ್ಬೇಕು ಅಂದ್ಕೊಂಡೆ."

ಟ್ರೇಲರ್ ಗೋದಾಮಿನ ಬಾಗಿಲಿಗೆ ತಾಗಿ ನಿಂತಿತು. ಮಾವ ಜಾಯ್‌ಪ್ಯಾಡ್ ಕೆಳಗಿಡದೆ, ಮುಂದಿನ ಸರಕು ಎಲ್ಲಿಗೆ, ಬೋರ್ಡ್ ಓದು ಎಂದರು. ಕಣ್ಣೊರೆಸಿಕೊಂಡು ಓದಿದೆ.